ಮೇಕೆ ಸಾಲದ ಕಂತು ಯಾವ ತಿಂಗಳಿಂದ? ಸ್ವಸಹಾಯ ಸಂಘದ ಸದಸ್ಯೆಯರು ಮತ್ತು ಪಶುವೈದ್ಯೆ: ಫೋನ್ ಗ್ರೂಪಿನಲ್ಲಿ ನಡೆದ ಪ್ರಶ್ನೋತ್ತರ

ಸಂಘದ ಪುಸ್ತಕ ಬರೆಯುವವರು: ಡಾಕ್ಟ್ರೇ, ನಿನ್ನೆ ನೀವು ಮೇಕೆ ಸಾಕಣೆ ಬಗ್ಗೆ ಮಾತಾಡಿದ ಮೇಲೆ ಒಬ್ಬ ಸದಸ್ಯೆಗೆ 1 ಲಕ್ಷ ಸಾಲ ಕೊಡೋಣ ಅಂದುಕೊಂಡಿದ್ದೀವಿ. 8 ಹೆಣ್ಣು ಮೇಕೆ, 1 ಹೋತ, ಉಳಿದ ದುಡ್ಡಲ್ಲಿ ಕೊಟ್ಟಿಗೆ. ಬಡ್ಡಿ ತಿಂಗಳಿಗೆ ನೂರಕ್ಕೆ 1 ರೂಪಾಯಿ, 24 ಕಂತು. ಮೊದಲ ಕಂತು ಅಸಲು ಬಡ್ಡಿ ಸೇರಿ 5,167 ಬರುತ್ತೆ. ನಮ್ಮ ಸಂತೆಯಲ್ಲಿ 8 ತಿಂಗಳ ಮರಿ 7,000ಕ್ಕೆ ಹೋಗುತ್ತೆ. ಈ ಲೆಕ್ಕ ನಡೆಯುತ್ತಾ?

ಪಶುವೈದ್ಯೆ: ನಡೆಯಲ್ಲ. ಎಲ್ಲಿ ಮುರಿಯುತ್ತೆ ಅಂತ ತಿಂಗಳು ತಿಂಗಳು ನೋಡಿ.

ತಂದ ಮೇಕೆಗಳನ್ನು ಮೊದಲ ಮೂರು ನಾಲ್ಕು ವಾರ ಬೇರೆ ಕಟ್ಟಬೇಕು. ಆಮೇಲೆ ಹೋತದ ಜೊತೆ ಬಿಟ್ಟರೂ ಎಲ್ಲವೂ ಒಂದೇ ದಿನ ಬೆದೆಗೆ ಬರಲ್ಲ. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಹಾಗಾಗಿ ಬಹುತೇಕ ಗಬ್ಬ ನಿಲ್ಲುವಾಗ ಎರಡರಿಂದ ಮೂರು ತಿಂಗಳು ಆಗಿರುತ್ತೆ. ಗಬ್ಬ 5 ತಿಂಗಳು. ಮರಿ ಬೀಳುವುದು 7 ಅಥವಾ 8ನೇ ತಿಂಗಳಲ್ಲಿ. ಅದಕ್ಕೆ 8 ತಿಂಗಳು ತುಂಬಿ ಸಂತೆಗೆ ಹೋಗುವಾಗ ಸಾಲ ತೆಗೆದು 15 ಅಥವಾ 16 ತಿಂಗಳು. ಅಲ್ಲಿಯವರೆಗೆ ಮೇಕೆಯಿಂದ ಒಂದು ರೂಪಾಯಿ ಬರಲ್ಲ, ಕಂತು ಮಾತ್ರ ಮೊದಲ ತಿಂಗಳಿಂದಲೇ ಬಂದು ಬಾಗಿಲಲ್ಲಿ ನಿಲ್ಲುತ್ತೆ.

ಇನ್ನು ಎಷ್ಟು ಮರಿ ಅನ್ನೋದು. 8ರಲ್ಲಿ 7 ಮರಿ ಹಾಕಿದವು, ಕೆಲವು ಒಂಟಿ, ಕೆಲವು ಅವಳಿ, ಒಟ್ಟು 10 ಅಂತಿಟ್ಟುಕೊಳ್ಳಿ. 2 ಸಾಯುತ್ತವೆ ಅಂತಲೇ ಲೆಕ್ಕ ಹಾಕಿ. 2 ಒಳ್ಳೆಯ ಹೆಣ್ಣು ಮರಿ ಮನೆಯಲ್ಲೇ ಉಳಿಸಿ. ಮಾರಲು ಸಿಗುವುದು 6, ಅಂದರೆ 42,000. ಎರಡನೇ ಸೂಲಿನ 7 ಮರಿ ಮಾರುವಾಗ 23 ಅಥವಾ 24ನೇ ತಿಂಗಳು, ಅದು 49,000. ಎರಡು ವರ್ಷಕ್ಕೆ ಒಟ್ಟು 91,000. ನೀವು 24 ಕಂತಲ್ಲಿ ಕಟ್ಟಬೇಕಾದ್ದು ಬಡ್ಡಿ ಸೇರಿ 1,12,500. ಇದರಲ್ಲಿ ಹಿಂಡಿ, ಔಷಧಿ, ವಿಮೆ ಇನ್ನೂ ಸೇರಿಲ್ಲ.

ಕಂತು ತಪ್ಪಿದ ತಿಂಗಳು ಏನಾಗುತ್ತೆ ಅಂದ್ರೆ ಗಬ್ಬದ ಮೇಕೆಯನ್ನೇ ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ. ಅದಕ್ಕೇ ತಕ್ಷಣ ಗಿರಾಕಿ ಸಿಗೋದು. 8 ಇದ್ದದ್ದು 5 ಆಗುತ್ತೆ, ಸಾಲ ಮಾತ್ರ 8 ಮೇಕೆಯದ್ದು. ಇಂಥ ಘಟಕಗಳು ಮುಳುಗೋದು ಹೆಚ್ಚಾಗಿ ಹೀಗೇ.

ಅದರ ಬದಲು ಅವಧಿ 36 ತಿಂಗಳು ಮಾಡಿ. ಮೊದಲ 12 ತಿಂಗಳು ಬಡ್ಡಿ ಮಾತ್ರ, ತಿಂಗಳಿಗೆ 1,000. ಅದನ್ನು ಕೂಲಿಯಿಂದಲೋ ಹಸುವಿನ ಹಾಲಿನಿಂದಲೋ ಕಟ್ಟಬಹುದಾ ಅಂತ ಮೊದಲೇ ಕೇಳಿ. ಕಟ್ಟಲಾಗದವರಿಗೆ ಈ ಮೊತ್ತದ ಸಾಲ ಕೊಡಬೇಡಿ, 3 ಮೇಕೆಗಾಗುವಷ್ಟು ಕೊಡಿ. 13ನೇ ತಿಂಗಳಿಂದ ಅಸಲನ್ನು ತಿಂಗಳು ತಿಂಗಳು ಕೇಳುವ ಬದಲು ಮರಿ ಮಾರಿದಾಗ ದೊಡ್ಡ ಕಂತಾಗಿ ಪಡೆಯುವಂತೆ ಠರಾವು ಬರೆದಿಡಿ. ಮೂರನೇ ಸೂಲಿನ 7 ಮರಿ 31 ಅಥವಾ 32ನೇ ತಿಂಗಳ ಹೊತ್ತಿಗೆ ಮಾರಿದರೆ ಒಟ್ಟು 1,40,000 ಆಗುತ್ತೆ. ಕಟ್ಟಬೇಕಾದ್ದು, ಅಸಲು ತಿಂಗಳು ತಿಂಗಳು ಇಳಿಯುತ್ತೆ ಅಂತ ಹಿಡಿದರೆ 1,24,500. ಅಸಲು ತಡವಾಗಿ ಬಂದಷ್ಟು ಬಡ್ಡಿ ಇನ್ನೊಂದಿಷ್ಟು ಏರುತ್ತೆ. ಉಳಿಯುವುದು ತೆಳ್ಳಗೆ. ಒಳ್ಳೆಯ ಮೇಕೆಗಳು ಮನೆಯಲ್ಲಿ ಉಳಿಯುತ್ತವಲ್ಲ, ಲಾಭ ಇರೋದು ಅದರಲ್ಲಿ.

ಸದಸ್ಯೆ: 1 ಲಕ್ಷಕ್ಕೆ ಎಷ್ಟು ಮೇಕೆ ಬರುತ್ತೆ ಮೇಡಂ?

ಪಶುವೈದ್ಯೆ: ಮೇಲೆ ಇದೆ ನೋಡಿ.

ಇನ್ನೊಬ್ಬ ಸದಸ್ಯೆ: ಗಬ್ಬದ ಮೇಕೆನೇ ತಂದರೆ ಬೇಗ ದುಡ್ಡು ಬರಲ್ವಾ? ನಮ್ಮ ಅತ್ತಿಗೆ ಹಾಗೇ ತಂದಿದ್ರು.

ಪಶುವೈದ್ಯೆ: ಬೇಗ ಬರುತ್ತೆ, ನಿಜವಾಗಿ ಗಬ್ಬ ಇದ್ದರೆ. ಸಂತೆಯಲ್ಲಿ ಮೂರು ತಿಂಗಳು ಅಂತ ಹೇಳಿದ್ದನ್ನು ನೀವು ಹೊಟ್ಟೆ ಮುಟ್ಟಿ ಖಚಿತ ಮಾಡಿಕೊಳ್ಳಲು ಆಗಲ್ಲ. ಟೆಂಪೊದಲ್ಲಿ ತುಂಬಿ ತರುವಾಗ ಕಂದು ಹಾಕುವುದೂ ಉಂಟು. ಊರಲ್ಲೇ ಪರಿಚಯದವರ ಮನೆಯದ್ದಾದರೆ ತನ್ನಿ. ಇಲ್ಲದಿದ್ದರೆ ಎರಡು ಅಥವಾ ನಾಲ್ಕು ದೊಡ್ಡ ಹಲ್ಲು ಬಂದ, ಒಮ್ಮೆ ಮರಿ ಹಾಕಿ ಸಾಕಿದ ಮೇಕೆ ನೋಡಿ. ಕೆಚ್ಚಲ ಎರಡೂ ಮೊಲೆ ಹಿಂಡಿ ನೋಡಿ ತನ್ನಿ.

6 ಮೇಕೆ ತಂದ ಸದಸ್ಯೆ: ಮೇಡಂ, ಅರ್ಜೆಂಟ್. 10 ದಿನದ ಹಿಂದೆ ಸಂತೆಯಿಂದ 6 ಮೇಕೆ ತಂದು ಮನೆಯ 4ರ ಜೊತೆ ಬಿಟ್ಟೆ. ಈಗ ಮೂಗು ಸುರಿಯುತ್ತೆ, ಕಣ್ಣಲ್ಲಿ ಪಿಚ್ಚು, ಭೇದಿ, ಬಾಯಲ್ಲಿ ಹುಣ್ಣು. ಮೇವು ಮೂಸಲ್ಲ. ನಿನ್ನೆ ಒಂದು ಸತ್ತಿತು. ಲಸಿಕೆ ಹಾಕಿಸಿದರೆ ಉಳಿತವಾ?

ಪಶುವೈದ್ಯೆ: ಇದು ಪಿಪಿಆರ್, ಅಂದರೆ ಮೇಕೆ ಕುರಿಗಳಲ್ಲಿ ಹರಡುವ ವೈರಸ್ ರೋಗ ಇರಬಹುದು ಅಂತ ನನಗೆ ಬಲವಾದ ಅನುಮಾನ. ಈಗಲೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ಹತ್ತಿರದ ಪಶು ಆಸ್ಪತ್ರೆಗೂ ತಿಳಿಸಿ. ಅವರು ಬರುವವರೆಗೆ ಹೀಗೆ ಮಾಡಿ.

ಜ್ವರ ನೋಡಿ. ಥರ್ಮಾಮೀಟರ್ ಗುದದಲ್ಲಿಟ್ಟು ಒಂದು ನಿಮಿಷ ಬಿಡಿ. ಮೇಕೆಗೆ 102ರಿಂದ 103.5 ಡಿಗ್ರಿವರೆಗೆ ಸಹಜ. 104 ದಾಟಿ 106ರ ಹತ್ತಿರ ಇದ್ದರೆ ಬರೆದಿಡಿ. ಕೆಳದುಟಿ ಮಡಚಿ ವಸಡು ನೋಡಿ. ಪಿಪಿಆರ್ ಆದರೆ ವಸಡು, ನಾಲಿಗೆಯ ಮೇಲೆ ಹೊಟ್ಟು ಮೆತ್ತಿದ ಹಾಗೆ ಬೂದು ಬಣ್ಣದ ಪದರ ಕಾಣುತ್ತೆ, ಉಸಿರು ನಾರುತ್ತೆ. ಹುಣ್ಣು ತುಟಿಯ ಹೊರಗಡೆ ಹಕ್ಕಳೆ ಕಟ್ಟಿದ ಹಾಗಿದ್ದು ಭೇದಿ ಇಲ್ಲದಿದ್ದರೆ ಅದು ಬೇರೆ ಕಾಯಿಲೆ, ಅಷ್ಟು ಭಯ ಇಲ್ಲ. ನಿಮ್ಮಲ್ಲಿ ಭೇದಿ ಇದೆ, ಅದೇ ನನ್ನ ಚಿಂತೆ.

ಕಾಯಿಲೆ ಬಂದವನ್ನು ಬೇರೆ ಮಾಡಿ. ಒಬ್ಬರೇ ಎರಡೂ ಕಡೆ ನೋಡಿಕೊಳ್ಳುವುದಾದರೆ ಮೊದಲು ಚೆನ್ನಾಗಿರುವುದಕ್ಕೆ ಮೇವು ನೀರು, ಆಮೇಲೆ ಕಾಯಿಲೆಯದ್ದಕ್ಕೆ, ವಾಪಸ್ ಬರುವಾಗ ಕೈ ಕಾಲು ಸೋಪು ಹಾಕಿ ತೊಳೆಯಿರಿ. ಬಕೆಟ್ ಒಂದೇ ಬಳಸಬೇಡಿ. ಮೇಯಿಸಲು ಗೋಮಾಳಕ್ಕೆ ಹೊಡೆಯಬೇಡಿ, ಯಾವುದನ್ನೂ ಮಾರಬೇಡಿ. ಮಾರಿದರೆ ಇನ್ನೊಬ್ಬಳ ಸಾಲವೂ ಮುಳುಗುತ್ತೆ.

ಲಸಿಕೆ ವಿಷಯ. ಒಳಗೆ ರೋಗ ಹೊಕ್ಕ ಮೇಲೆ ಹಾಕಿದ ಲಸಿಕೆ ಆ ಮೇಕೆಯನ್ನು ಉಳಿಸಲ್ಲ. ಜ್ವರ ಬಂದದ್ದಕ್ಕೆ ಹಾಕುವುದಿಲ್ಲ. ಅಕ್ಕಪಕ್ಕದ ಮನೆಗಳ ಆರೋಗ್ಯವಂತ ಮೇಕೆ, ಕುರಿಗಳಿಗೆ ಹಾಕಿಸಬೇಕು, ಅದಕ್ಕೇ ಡಾಕ್ಟರನ್ನು ಕರೆಯಿರಿ ಅಂದದ್ದು. ವೈರಸ್‌ಗೆ ನೇರ ಔಷಧಿ ಇಲ್ಲ. ಅದರ ಹಿಂದೆಯೇ ಬರುವ ನ್ಯುಮೋನಿಯಾಕ್ಕೆ ಆಂಟಿಬಯೋಟಿಕ್, ಭೇದಿಗೆ ನೀರು ಉಪ್ಪು ತುಂಬುವುದು, ಬಾಯಿ ಸ್ವಚ್ಛವಾಗಿಡುವುದು, ಅಷ್ಟರಲ್ಲೇ ಕೆಲವು ಬದುಕುತ್ತವೆ. ಯಾವ ಇಂಜೆಕ್ಷನ್, ಎಷ್ಟು ಅನ್ನೋದು ಬಂದ ಡಾಕ್ಟರೇ ತೂಕ ನೋಡಿ ಹೇಳಲಿ.

ಸತ್ತ ಮೇಕೆಯನ್ನು ಹೂತಾಯಿತಾ? ವಿಮೆ ಇದ್ದರೆ ಡಾಕ್ಟರು ಶವ ಪರೀಕ್ಷೆ ಮಾಡುವ ಮುಂಚೆ ಹೂಳಬೇಡಿ. ಕಿವಿಗೆ ಹಾಕಿದ ವಿಮೆಯ ನಂಬರಿನ ಓಲೆ ಕಾಣುವ ಹಾಗೆ ಫೋಟೊ ತೆಗೆದಿಡಿ. ನಂತರ ಆಳ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ.

ಸಂಘದವರು ಇದನ್ನು ನೋಡಿಕೊಳ್ಳಿ. ರೋಗ ಹೊಕ್ಕ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನದಲ್ಲಿ ಜ್ವರ ಕಾಣುತ್ತೆ. ಬೇರೆ ಕಟ್ಟಿದ್ದರೆ ಈ ರೋಗ ಹಳೆಯ 4ಕ್ಕೆ ತಗಲುವ ಮುಂಚೆಯೇ ಸಿಕ್ಕಿಬೀಳುತ್ತಿತ್ತು.

ಸದಸ್ಯೆ: ಇನ್ನೊಂದು ಗ್ರೂಪಲ್ಲಿ ಬಂದಿದೆ. "ಬಾಯಿ ಹುಣ್ಣಿಗೆ, ಭೇದಿಗೆ ಮೈಲುತುತ್ತದ ನೀರು ಕುಡಿಸಿ, ಹೊಟ್ಟೆ ಉಬ್ಬರಕ್ಕೆ ಸೀಮೆಎಣ್ಣೆ ಒಂದು ಲೋಟ. ಎಲ್ಲರಿಗೂ ಕಳುಹಿಸಿ."

ಪಶುವೈದ್ಯೆ: ಯಾರಿಗೂ ಕಳುಹಿಸಬೇಡಿ. ಮೈಲುತುತ್ತ ತಾಮ್ರದ ವಿಷ. ಸೀಮೆಎಣ್ಣೆ ಸ್ವಲ್ಪ ಶ್ವಾಸಕೋಶಕ್ಕೆ ಇಳಿದರೂ ಮೇಕೆ ಕೆಮ್ಮಿ ಸಾಯಬಹುದು. ಉಬ್ಬರ ಜಾಸ್ತಿಯಿದ್ದರೆ ಮುಂಗಾಲು ಎತ್ತರದಲ್ಲಿಟ್ಟು ನಿಲ್ಲಿಸಿ ಡಾಕ್ಟರನ್ನು ಕರೆಯಿರಿ. ಬಾಯಿಗೆ ಏನೇ ಕುಡಿಸುವಾಗಲೂ ಮೂತಿಯನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಎತ್ತಬೇಡಿ, ಕೆಮ್ಮಿದರೆ ತಕ್ಷಣ ಬಿಡಿ.

ಸದಸ್ಯೆ: ಆದರೆ ಇದು ತುಂಬ ಜನ ಮಾಡಿದ್ದಾರೆ, ವಾಸಿಯಾಗಿದೆ.

ಪಶುವೈದ್ಯೆ: ಸತ್ತವರ ಮನೆಯವರು ಫಾರ್ವರ್ಡ್ ಮಾಡಲ್ಲಮ್ಮ. ಇದರ ಬಗ್ಗೆ ಇನ್ನು ಬರೆಯಲ್ಲ.

ಖಜಾಂಚಿ: ಹೋಗಲಿ ಬಿಡಿ. ಈಗ 6 ಮೇಕೆ ತಂದ ಅಕ್ಕನ ಕಂತು ಮುಂದಿನ ವಾರ ಇದೆ. ಸತ್ತರೂ ಕಂತು ಕಟ್ಟಲೇಬೇಕಲ್ವಾ?

ಸದಸ್ಯೆ: ವಿಮೆ ಇದ್ದರೆ ಸಾಲ ಮನ್ನಾ ಆಗುತ್ತೆ ಅಂತ ಬ್ಯಾಂಕಿನವರೇ ಹೇಳಿದ್ರು.

ಖಜಾಂಚಿ: ಹಾಗೆ ಹೇಳಿರಲಿಕ್ಕಿಲ್ಲ. ವಿಮೆ ಕೊಡೋದು ಮೇಕೆಯ ಬೆಲೆ, ಅದೂ ಓಲೆ ಸಿಕ್ಕಿದರೆ. ಶುರುವಿನ ದಿನಗಳಲ್ಲಿ ರೋಗದಿಂದ ಸತ್ತರೆ ಸಿಗದಿರಬಹುದು, ಬಾಂಡಲ್ಲಿ ಬರೆದಿರುತ್ತೆ. ಸಾಲ ಸಂಘದ ಹೆಸರಲ್ಲಿ. ಅವಳು ಕಟ್ಟದಿದ್ದರೆ ಉಳಿದವರೆಲ್ಲ ಸೇರಿ ಕಟ್ಟಬೇಕು, ಇಲ್ಲದಿದ್ದರೆ ಮುಂದಿನ ಸಾಲ ಯಾರಿಗೂ ಸಿಗಲ್ಲ.

ಇನ್ನೊಬ್ಬ ಸದಸ್ಯೆ: ನಾನ್ಯಾಕೆ ಕಟ್ಟಲಿ? ಬೇರೆ ಕಟ್ಟಿ ಅಂತ ನಿನ್ನೆ ಅಷ್ಟು ಬಾರಿ ಹೇಳಿದ್ರು. 10 ದಿನದ ಹಿಂದೆಯೇ ತಂದು ಬಿಟ್ಟಿದ್ದಾಳೆ, ಯಾರನ್ನೂ ಕೇಳಲಿಲ್ಲ.

6 ಮೇಕೆ ತಂದ ಸದಸ್ಯೆ: ನನಗೆ ಹತ್ತಿರದಲ್ಲಿ ಬೇರೆ ಜಾಗ ಎಲ್ಲಿದೆ? ಹಿತ್ತಲೇ ಒಂದು ಗೇಣು. ಕಂತು ಬೇಗ ಶುರುವಾಗುತ್ತೆ ಅಂತಲೇ ಅವಸರ ಮಾಡಿದ್ದು, ಅದನ್ನು ಇಟ್ಟವರು ನೀವೇ.

ಪುಸ್ತಕ ಬರೆಯುವವರು: ಅಕ್ಕಂದಿರೇ, ಸಭೆಯಲ್ಲಿ ಮಾತಾಡೋಣ. ಸಂಘದ ಉಳಿತಾಯದಿಂದ ಎರಡು ಕಂತು ಕೈಗಡ ಕೊಟ್ಟು ನಂತರ ವಸೂಲಿ ಮಾಡಬಹುದು ಅನ್ನಿಸುತ್ತೆ.

ಖಜಾಂಚಿ: ಉಳಿತಾಯ ಎಲ್ಲರದ್ದು. ಠರಾವಿಲ್ಲದೆ ನಾನು ಒಂದು ರೂಪಾಯಿ ಕೊಡಲ್ಲ.

ಸದಸ್ಯೆ: ಸರ್ಕಾರ 50% ಸಬ್ಸಿಡಿ ಕೊಡುತ್ತಂತಲ್ಲ, ಅದರಲ್ಲಿ ಹೊಂದಿಸಿಕೊಳ್ಳೋಕೆ ಆಗಲ್ವಾ ಮೇಡಂ?

ಪಶುವೈದ್ಯೆ: ರಾಷ್ಟ್ರೀಯ ಜಾನುವಾರು ಮಿಷನ್ನಿನ ಆ ಯೋಜನೆ 100 ಹೆಣ್ಣು, 5 ಹೋತದಿಂದ ಶುರು. 8 ಮೇಕೆಗೆ ಸಿಗಲ್ಲ.

ಇನ್ನೊಬ್ಬ ಸದಸ್ಯೆ: ಬೋಯರ್ ತರೋದಾ, ನಮ್ಮ ಊರ ಮೇಕೆ ಸಾಕಾ? ಹೊರಗಿನ ತಳಿ ದಪ್ಪ ಬರುತ್ತೆ ಅಂತಾರೆ.

ಸದಸ್ಯೆ: ಒಂದು ಲಕ್ಷಕ್ಕೆ ಎಷ್ಟು ಮೇಕೆ ಅಂತ ಯಾರೂ ಹೇಳಲಿಲ್ಲ.

ಪಶುವೈದ್ಯೆ: ಹೇಳಿದ್ದೀನಿ. ಓದಿ.

6 ಮೇಕೆ ತಂದ ಅಕ್ಕ, ಕಂತಿನ ಜಗಳ ನಾಳೆ ಆಡಿ. ಜ್ವರ ಎಷ್ಟು ಬಂತು, ವಸಡಿನ ಫೋಟೊ, ಹಳೆಯ 4ರಲ್ಲಿ ಯಾವುದಾದರೂ ಮೇವು ಬಿಟ್ಟಿದೆಯಾ, ಈ ಮೂರನ್ನೂ ಈಗ ಹಾಕಿ. 1962ರವರು ಏನಂದ್ರು ಅದನ್ನೂ ಬರೆಯಿರಿ.

6 ಮೇಕೆ ತಂದ ಸದಸ್ಯೆ: ಎರಡಕ್ಕೆ 105, ಒಂದಕ್ಕೆ 104. ಹಳೆಯದರಲ್ಲಿ ಕಪ್ಪು ಮೇಕೆ ಮೇವು ಬಿಟ್ಟಿದೆ, ಅದು ಮೂರು ತಿಂಗಳ ಗಬ್ಬ. ಡಾಕ್ಟರ್ ಬೆಳಿಗ್ಗೆ ಬರ್ತಾರಂತೆ.

ಪಶುವೈದ್ಯೆ: ಆ ಕಪ್ಪು ಮೇಕೆಯನ್ನು ಈಗಲೇ ಕಾಯಿಲೆಯವುಗಳ ಕಡೆಗೆ ಕಟ್ಟಿ. ಕಂದು ಹಾಕಿದರೆ ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಸಿಗದ ಹಾಗೆ ಮುಚ್ಚಿಟ್ಟು ಡಾಕ್ಟರಿಗೆ ತೋರಿಸಿ. ಉಳಿದ 3ನ್ನು ಪಕ್ಕದ ಮನೆಯ ಜಗುಲಿಗಾದರೂ ಸಾಗಿಸಿ, ಆದರೆ ಅಲ್ಲಿ ಮೇಕೆ ಕುರಿ ಇರಬಾರದು.