ಮುಟ್ಟಿಗೆ ಆರು ದಿನ ಮುಂಚೆ, ಸಂಜೆ ಕೊಟ್ಟ ರಕ್ತ: ಇದು ಪಿಸಿಓಡಿನಾ, ಸಿಎಎಚ್ಚಾ?

ಸಹನಾ, ಹಾಸನ

ನನಗೆ 25. ನಾಲ್ಕು ವರ್ಷದಿಂದ ಪಿಸಿಓಡಿ ಅಂತ ಮಾತ್ರೆ ತಗೊಳ್ಳುತ್ತಿದ್ದೇನೆ. ಮುಟ್ಟು 40 ದಿನಕ್ಕೊಮ್ಮೆ. ಗದ್ದದ ಮೇಲೆ ಕೂದಲು, ಮೊಡವೆ. ಸ್ಕ್ಯಾನ್‌ನಲ್ಲಿ ಅಂಡಾಶಯದ ತುಂಬಾ ಸಣ್ಣ ನೀರುಗುಳ್ಳೆಗಳು. ತೂಕ ಮಾತ್ರ 51 ಕೆಜಿ. ಹೊಸ ಡಾಕ್ಟರು 17-ಓಎಚ್‌ಪಿ ಅನ್ನುವ ಹಾರ್ಮೋನಿನ ಪರೀಕ್ಷೆ ಬರೆದರು. ಆಫೀಸ್ ಮುಗಿಸಿ ಸಂಜೆ 5:30ಕ್ಕೆ ರಕ್ತ ಕೊಟ್ಟೆ. ಆರು ದಿನಕ್ಕೆ ಮುಟ್ಟಾಯಿತು. ರಿಪೋರ್ಟ್‌ನಲ್ಲಿ 4.2 ನ್ಯಾನೋಗ್ರಾಂ. 'ಲೇಟ್ ಆನ್‌ಸೆಟ್ ಸಿಎಎಚ್ ಇರಬಹುದು, ಅಂದರೆ ಹುಟ್ಟಿನಿಂದ ಇದ್ದು ತಡವಾಗಿ ಗೊತ್ತಾಗುವ ಅಡ್ರಿನಲ್ ಗ್ರಂಥಿಯ ತೊಂದರೆ, ಸ್ಟಿರಾಯ್ಡ್ ಶುರು ಮಾಡೋಣ' ಅಂದಿದ್ದಾರೆ. ಮಾತ್ರೆ ತಂದಿದ್ದೇನೆ, ಇನ್ನೂ ನುಂಗಿಲ್ಲ. ಮನೆಯಲ್ಲಿ ಸೋದರಮಾವನ ಮಗನ ಜೊತೆ ಮದುವೆ ಮಾತು ಬೇರೆ ನಡೆಯುತ್ತಿದೆ. ಏನು ಮಾಡಲಿ?

ಮಂಜುನಾಥ, ಲ್ಯಾಬ್ ಟೆಕ್ನೀಷಿಯನ್

ಸಹನಾ ಅವರೇ, ಇದರಲ್ಲಿ ಗೊಂದಲವೇ ಇಲ್ಲ. 2 ದಾಟಿದರೆ ಜಾಸ್ತಿ ಅಂತಲೇ ಲೆಕ್ಕ. ನಿಮ್ಮದು ಅದರ ಎರಡರಷ್ಟಿದೆ. ಸಿಎಎಚ್ಚೇ. ಖಾಲಿ ಹೊಟ್ಟೆಯಲ್ಲಿ ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು, ಅಷ್ಟೇ.

ಲತಾ, ದಾವಣಗೆರೆ

4.2ಕ್ಕೆ ಇಷ್ಟು ಭಯಾನಾ? ನನ್ನದು 85 ಬಂದಿತ್ತು! ಡಾಕ್ಟರು ನೋಡಿ ನಾರ್ಮಲ್ ಅಂದರು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸ್ಕ್ಯಾನ್‌ನಲ್ಲಿ ಗುಳ್ಳೆ ಕಂಡಿದೆ ಅಂದರೆ ಪಿಸಿಓಡಿನೇ.

ಡಾ. ವಸುಧಾ, ಹಾರ್ಮೋನ್ ತಜ್ಞೆ

ಸಹನಾ, ಆ ಮಾತ್ರೆ ಡಬ್ಬಿಯಲ್ಲೇ ಇರಲಿ. ನುಂಗಲು ಶುರು ಮಾಡಿದರೆ ಮುಂದೆ ಮಾಡುವ ಪರೀಕ್ಷೆಗಳು ಕೆಡುತ್ತವೆ. ತಡೆದದ್ದು ಒಳ್ಳೆಯದಾಯಿತು.

ಮಂಜುನಾಥ ಅವರು ಹೇಳಿದ 2ರ ಗಡಿ ಸರಿ. ಆದರೆ ಅದು ಬೆಳಗ್ಗೆ 8ರ ಒಳಗೆ, ಮುಟ್ಟಾದ ಮೊದಲ ದಿನಗಳಲ್ಲಿ ತೆಗೆದ ರಕ್ತಕ್ಕೆ ಮಾತ್ರ. ಹೊಟ್ಟೆ ಖಾಲಿಯಾ, ತುಂಬಿದೆಯಾ ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ.

ಸಹನಾ ರಕ್ತ ಕೊಟ್ಟ ಆರು ದಿನಕ್ಕೆ ಮುಟ್ಟಾಗಿದೆ. ಅಂದರೆ ಆ ತಿಂಗಳು ಅಂಡ ಬಿಡುಗಡೆ ಆಗಿದ್ದಿರಬಹುದು. ಅಂಡ ಹೊರಬಿದ್ದ ಜಾಗದಲ್ಲಿ ಉಳಿಯುವ ಗಂಟು ತಾನೇ 17-ಓಎಚ್‌ಪಿ ತಯಾರಿಸುತ್ತದೆ. ಆಗ ಯಾವ ಕಾಯಿಲೆಯೂ ಇಲ್ಲದ ಹೆಂಗಸಿನಲ್ಲೂ ಅದು 2 ದಾಟಬಹುದು. ಇನ್ನೊಂದು ಕಡೆ ನೋಡಿದರೆ, ಅಡ್ರಿನಲ್‌ನಿಂದ ಬರುವ ಪಾಲು ಬೆಳಗ್ಗೆ ಜಾಸ್ತಿ, ಸಂಜೆ ಹೊತ್ತಿಗೆ ಇಳಿದಿರುತ್ತದೆ. ದಿನ ತಪ್ಪಿದ್ದರಿಂದ ಅಂಕಿ ಏರಿರಬಹುದು, ಹೊತ್ತು ತಪ್ಪಿದ್ದರಿಂದ ಇಳಿದಿರಬಹುದು. ಒಂದೇ ಸಿರಿಂಜಿನಲ್ಲಿ ಎರಡು ತಪ್ಪು, ಒಂದೊಂದು ಒಂದೊಂದು ದಿಕ್ಕಿಗೆ ಎಳೆಯುತ್ತದೆ. ಆ 4.2ರಿಂದ ಹೌದು ಅಂತಲೂ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು.

ಲತಾ ಅವರೇ, ನಿಮ್ಮ ರಿಪೋರ್ಟ್ ತೆಗೆದು ಅಂಕಿಯ ಪಕ್ಕದ ಅಳತೆ ನೋಡಿ. ಡೆಸಿಲೀಟರ್ ಅಂತ ಇರುತ್ತದೆ. ಸಹನಾ ಅವರದು ಮಿಲೀಲೀಟರ್ ಲೆಕ್ಕ. ಡೆಸಿಲೀಟರ್ ಅಂದರೆ ನೂರು ಮಿಲೀಲೀಟರ್. ನಿಮ್ಮ 85 ಅವರ ಲೆಕ್ಕದಲ್ಲಿ 0.85. ನಿಮ್ಮ ಡಾಕ್ಟರು ಹೇಳಿದ್ದು ಸರಿಯೇ.

ಆದರೆ ಸ್ಕ್ಯಾನ್ ಮಾತು ಒಪ್ಪಲಾರೆ. ಸಿಎಎಚ್ ಇದ್ದವರ ಅಂಡಾಶಯವೂ ಹಾಗೇ ಕಾಣಬಹುದು. ಗಂಡು ಹಾರ್ಮೋನು ಎಲ್ಲಿಂದಲೇ ಜಾಸ್ತಿಯಾಗಲಿ, ಕೂದಲು, ಮೊಡವೆ, ತಡವಾಗುವ ಮುಟ್ಟು, ಗುಳ್ಳೆ ಎಲ್ಲ ಒಂದೇ ಥರ. ಅದಕ್ಕೇ ಪಿಸಿಓಡಿ ಅನ್ನುವ ಮುಂಚೆ ಬೇರೆ ಕಾರಣ ಇಲ್ಲ ಅಂತ ನೋಡಿಕೊಳ್ಳಬೇಕು. ತೆಳ್ಳಗಿದ್ದೀರಿ ಅಂತ ಸಿಎಎಚ್ ಅನ್ನುವಂತೆಯೂ ಇಲ್ಲ. ಪಿಸಿಓಡಿ ಇರುವ ತೆಳ್ಳನೆಯವರು ಬೇಕಾದಷ್ಟು ಜನ ಇದ್ದಾರೆ.

ಒಂದೆರಡು ಪ್ರಶ್ನೆ. ಕಂಕುಳಲ್ಲಿ ಕೂದಲು ಯಾವ ವಯಸ್ಸಿಗೆ ಬಂತು? ಮುಖಕ್ಕೆ ಯಾವುದಾದರೂ ಕ್ರೀಮ್ ಹಚ್ಚುತ್ತೀರಾ? ಪಿರಿಯಡ್ಸ್ ಸರಿ ಮಾಡುವ ಮಾತ್ರೆ ಈಗಲೂ ಇದೆಯಾ?

ಸಹನಾ, ಹಾಸನ

ಮೂರನೇ ಕ್ಲಾಸಿನಲ್ಲಿ, ಎಂಟು ತುಂಬಿರಲಿಲ್ಲ. ಅಮ್ಮ ಗಾಬರಿಯಾಗಿ ಅಜ್ಜಿಗೆ ಹೇಳಿದ್ದು ನೆನಪಿದೆ. ಕ್ಲಾಸಿನಲ್ಲಿ ಆಗ ನಾನೇ ಎತ್ತರ, ಈಗ ಎಲ್ಲರಿಗಿಂತ ಕುಳ್ಳಿ. ಹಾರ್ಮೋನ್ ಮಾತ್ರೆ ನಿಲ್ಲಿಸಿ ಐದು ತಿಂಗಳಾಯಿತು. ಕ್ರೀಮ್ ಹಚ್ಚುತ್ತೇನೆ, ಮೆಡಿಕಲ್ ಅಂಗಡಿಯಲ್ಲಿ ಬೆಳ್ಳಗಾಗಲು ಅಂತ ಕೊಟ್ಟದ್ದು.

ಡಾ. ವಸುಧಾ, ಹಾರ್ಮೋನ್ ತಜ್ಞೆ

ಮೂರನೇ ಕ್ಲಾಸಿನ ವಿಷಯ ಸ್ಕ್ಯಾನ್‌ಗಿಂತ ಜಾಸ್ತಿ ಹೇಳುತ್ತದೆ. ಪಿಸಿಓಡಿ ಸಾಮಾನ್ಯವಾಗಿ ಮೈನೆರೆದ ಮೇಲೆ ತಲೆ ಎತ್ತುತ್ತದೆ. ಎಂಟು ತುಂಬುವ ಮುಂಚೆ ಕೂದಲು, ಬೇಗ ಬೆಳೆದು ಬೇಗ ನಿಂತ ಎತ್ತರ ಅಂದರೆ ಅಡ್ರಿನಲ್ ಕಡೆ ನೋಡಬೇಕು ಅನ್ನಿಸುತ್ತದೆ. ಇದು ಅನುಮಾನ ಮಾತ್ರ, ರೋಗನಿರ್ಣಯ ಅಲ್ಲ.

ಅಡ್ರಿನಲ್ ಅನ್ನುವುದು ಎರಡೂ ಕಿಡ್ನಿ ಮೇಲೆ ಟೋಪಿ ಇಟ್ಟಂತೆ ಕೂತ ಗ್ರಂಥಿ. ಕಾರ್ಟಿಸಾಲ್ ಅನ್ನುವ ಹಾರ್ಮೋನು ತಯಾರಿಸುವುದು ಅದರ ಮುಖ್ಯ ಕೆಲಸ. ಈ ಥರದ ಸಿಎಎಚ್‌ನಲ್ಲಿ ಕಾಲುವೆಯ ತೂಬು ಅರ್ಧ ಮಾತ್ರ ತೆರೆಯುತ್ತದೆ ಅಂದುಕೊಳ್ಳಿ. ಮುಂದಿನ ಗದ್ದೆಗೆ ಹೇಗೋ ಸಾಕಷ್ಟು ನೀರು ಹೋಗುತ್ತದೆ. ಆದರೆ ತೂಬಿನ ಹಿಂದೆ ನೀರು ಏರಿ ಪಕ್ಕದ ಹೊಲಕ್ಕೆ ನುಗ್ಗುತ್ತದೆ. ತೂಬು ಅಂದರೆ 21-ಹೈಡ್ರಾಕ್ಸಿಲೇಸ್ ಅನ್ನುವ ಕಿಣ್ವ. ಮುಂದಿನ ಗದ್ದೆಗೆ ಹೋಗುವ ನೀರು ಕಾರ್ಟಿಸಾಲ್. ಹಿಂದೆ ಏರಿದ ನೀರು 17-ಓಎಚ್‌ಪಿ. ಪಕ್ಕದ ಹೊಲಕ್ಕೆ ನುಗ್ಗಿದ್ದೇ ಗಂಡು ಹಾರ್ಮೋನು.

ಇನ್ನು ಆ ಕ್ರೀಮ್. ಅಂಥವುಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ. ಜಾಸ್ತಿ ದಿನ ಹಚ್ಚಿದರೆ ಮೈಗೆ ಇಳಿದು ಅಡ್ರಿನಲ್ಲನ್ನು ಮಲಗಿಸಬಹುದು. ಆಗ ಇರುವ ಕಾಯಿಲೆಯೂ ಪರೀಕ್ಷೆಯಲ್ಲಿ ಅಡಗುತ್ತದೆ. ಟ್ಯೂಬ್ ಸಮೇತ ಡಾಕ್ಟರಿಗೆ ತೋರಿಸಿ, ಪರೀಕ್ಷೆಗೆ ಮುಂಚೆ ಎಷ್ಟು ದಿನ ಬಿಡಬೇಕು ಅಂತ ಕೇಳಿ. ಆಸ್ತಮಾ ಪಂಪ್, ಮಂಡಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್‌ಗೂ ಇದೇ ಮಾತು.

ಮುಂದಿನ ಮುಟ್ಟಿನ ಮೂರನೇ ದಿನ, ಬೆಳಗ್ಗೆ 8ರ ಒಳಗೆ ಮತ್ತೆ ಕೊಡಿ. 2ರ ಒಳಗಿದ್ದರೆ ಸಿಎಎಚ್ ಇರುವ ಸಾಧ್ಯತೆ ತೀರಾ ಕಡಿಮೆ. 10 ದಾಟಿದರೆ ಬಹುಮಟ್ಟಿಗೆ ಅದೇ. ನಡುವೆ ಬಂದರೆ ಎಸಿಟಿಎಚ್ ಪರೀಕ್ಷೆ ಬೇಕು. ಎಸಿಟಿಎಚ್ ಅಂದರೆ ಅಡ್ರಿನಲ್‌ಗೆ ಕೆಲಸ ಹೇಳುವ ಹಾರ್ಮೋನು. ಒಮ್ಮೆ ರಕ್ತ ತೆಗೆದು, ಅದರಂತೆಯೇ ಕೆಲಸ ಮಾಡುವ ಸಿನಾಕ್ಥೆನ್ ಔಷಧಿ 250 ಮೈಕ್ರೋಗ್ರಾಂ ಚುಚ್ಚಿ, ಸರಿಯಾಗಿ ಒಂದು ಗಂಟೆಗೆ ಮತ್ತೆ ತೆಗೆಯುತ್ತಾರೆ. ಗ್ರಂಥಿಗೆ ಓಡು ಅಂತ ಹೇಳಿದ ಹಾಗೆ. ತೂಬು ಸರಿ ಇದ್ದರೆ ಅಂಕಿ ಸ್ವಲ್ಪವೇ ಏರುತ್ತದೆ. ಅರ್ಧ ಮುಚ್ಚಿದ್ದರೆ 10 ದಾಟಿ ಚಿಮ್ಮುತ್ತದೆ. ಆ ಔಷಧಿ ಎಲ್ಲ ಊರಲ್ಲೂ ಸಿಗುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಗಂಟೆಯ ನಂತರದ ರಕ್ತದಲ್ಲಿ ಕಾರ್ಟಿಸಾಲನ್ನೂ ನೋಡಲು ಹೇಳಿ.

ಶಾಂತಾ, ಮೈಸೂರು

ಸಿಎಎಚ್ ಅಂದರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ. ನನ್ನ ತಂಗಿಯ ಮಗುವಿಗೆ ಹುಟ್ಟಿದ ಎರಡನೇ ವಾರ ವಾಂತಿ ಶುರುವಾಗಿ ಐಸಿಯುಗೆ ಹಾಕಿದ್ದರು. ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ ಅಂದರು. ಸಹನಾ, ನೀವು ಉಪ್ಪು ಜಾಸ್ತಿ ತಿನ್ನಿ ಅಮ್ಮ, ತಲೆ ಸುತ್ತಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಡಾ. ವಸುಧಾ, ಹಾರ್ಮೋನ್ ತಜ್ಞೆ

ಶಾಂತಾ ಅವರೇ, ಆ ಮಗುವಿನ ತೂಬು ಪೂರ್ತಿ ಮುಚ್ಚಿತ್ತು. ಸಹನಾಗೆ ಇದ್ದರೂ ಅದು ಅರ್ಧ ತೆರೆದದ್ದು. ಉಪ್ಪು ಸೋರುವುದಿಲ್ಲ, ಜಾಸ್ತಿ ತಿನ್ನುವ ಅಗತ್ಯವೂ ಇಲ್ಲ. ಆದರೆ ಎರಡೂ ಒಂದೇ ಜೀನಿನ ತೊಂದರೆ. ಸೋದರಮಾವನ ಮಗನ ವಿಷಯ ನನ್ನ ತಲೆಯಲ್ಲಿರುವುದು ಅದಕ್ಕೇ. ರಿಪೋರ್ಟ್ ಬರಲಿ, ಆಮೇಲೆ ಹೇಳುತ್ತೇನೆ.

ಸಹನಾ, ಹಾಸನ (ಏಳು ವಾರದ ನಂತರ)

ಡಾಕ್ಟರ್ ಹೇಳಿದ ಹಾಗೆ ಕ್ರೀಮ್ ನಿಲ್ಲಿಸಿದೆ. ಮೂರನೇ ದಿನ ಬೆಳಗ್ಗೆ 7:40ಕ್ಕೆ ಕೊಟ್ಟದ್ದು 3.4. ಆಮೇಲೆ ಬೆಂಗಳೂರಿನಲ್ಲಿ ಇಂಜೆಕ್ಷನ್ ಪರೀಕ್ಷೆ ಮಾಡಿಸಿದೆ. ಮೊದಲು 3.1, ಗಂಟೆಯ ನಂತರ 12.6. ಕಾರ್ಟಿಸಾಲ್ 21, ಚೆನ್ನಾಗಿದೆ ಅಂದರು.

ಮಂಜುನಾಥ, ಲ್ಯಾಬ್ ಟೆಕ್ನೀಷಿಯನ್

10 ದಾಟಿತಲ್ಲ! ನಾನು ಹೇಳಿದ್ದು ಇದನ್ನೇ.

ಡಾ. ವಸುಧಾ, ಹಾರ್ಮೋನ್ ತಜ್ಞೆ

ನೀವು ಹೇಳಿದ್ದು ನಿಜವಾಗಬಹುದು, ಆದರೆ ಆ ಸಂಜೆಯ ರಕ್ತದಿಂದ ಅಲ್ಲ! ಅದೇ ವಾರ ನನ್ನ ಹತ್ತಿರ ಬಂದ ಇನ್ನೊಬ್ಬ ಹುಡುಗಿಗೆ ಮುಟ್ಟಿಗೆ ಮುಂಚೆ 4.6 ಇತ್ತು. ಮೂರನೇ ದಿನ ತೆಗೆದಾಗ 0.9. ಅವಳದು ಪಿಸಿಓಡಿಯೇ.

ಸಹನಾ, ಬಹುಶಃ ನಿಮಗಿರುವುದು ಸಿಎಎಚ್. ಬಹುಶಃ ಅನ್ನಲು ಕಾರಣ ಇದೆ. ಅಪ್ಪ ಅಮ್ಮನಿಂದ ಬರುವ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದೇ ಕೆಟ್ಟಿದ್ದು ಇನ್ನೊಂದು ಸರಿ ಇರುವವರೂ ಕೆಲವೊಮ್ಮೆ 10ರ ಆಸುಪಾಸಿಗೆ ಬರುತ್ತಾರೆ. ಗಡಿ 15 ಇರಬೇಕು ಅನ್ನುವ ತಜ್ಞರೂ ಇದ್ದಾರೆ. ಅಲ್ಲದೆ ಎಲೈಸಾದಂಥ ವಿಧಾನಗಳು ಹೋಲುವ ಬೇರೆ ಹಾರ್ಮೋನುಗಳನ್ನೂ ಎಣಿಸಿ ಅಂಕಿ ಉಬ್ಬಿಸುತ್ತವೆ. ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಅಳೆದಿದ್ದರೆ ನಂಬಿಕೆ ಜಾಸ್ತಿ. ನಿಮ್ಮ ರಿಪೋರ್ಟ್‌ನ ಕೆಳಗೆ ವಿಧಾನ ಬರೆದಿರುತ್ತದೆ, ನೋಡಿ ಹೇಳಿ.

ನಿಮ್ಮ ವಿಷಯದಲ್ಲಿ ಜೀನ್ ಪರೀಕ್ಷೆ ಮಾಡಿಸಿ ಅಂತಲೇ ಹೇಳುತ್ತೇನೆ. ಈ ಜೀನಿನ ಪಕ್ಕದಲ್ಲೇ ಅದರಂತೆಯೇ ಕಾಣುವ, ಕೆಲಸಕ್ಕೆ ಬಾರದ ಇನ್ನೊಂದು ಜೀನ್ ಇದೆ. ಸಾಮಾನ್ಯ ಪರೀಕ್ಷೆ ಎರಡನ್ನೂ ಕಲಸಿಬಿಡುತ್ತದೆ. ಸಿಎಎಚ್‌ಗೆಂದೇ ಮಾಡುವ ಲ್ಯಾಬ್‌ಗೆ ಕಳಿಸಿ, ಅಪ್ಪ ಅಮ್ಮನ ರಕ್ತವನ್ನೂ ಕೊಡಿ.

ಮದುವೆಯ ವಿಷಯ. ನಿಮ್ಮಂಥವರಲ್ಲಿ ಎಷ್ಟೋ ಜನರಿಗೆ ಕೆಟ್ಟ ಎರಡು ಪ್ರತಿಗಳಲ್ಲಿ ಒಂದು ತೀವ್ರವಾದದ್ದೇ ಇರುತ್ತದೆ. ಅದು ಅಮ್ಮನ ಕಡೆಯಿಂದ ಬಂದಿದ್ದರೆ ಮಾವನ ಮಗನಲ್ಲೂ ಇರುವ ಸಾಧ್ಯತೆ ಹೊರಗಿನವರಿಗಿಂತ ಜಾಸ್ತಿ. ಇಬ್ಬರಲ್ಲೂ ತೀವ್ರ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು, ಶಾಂತಾ ಅವರು ಹೇಳಿದಂಥ ಮಗುವಾಗಬಹುದು. ಮದುವೆ ಬೇಡ ಅನ್ನುತ್ತಿಲ್ಲ. ಅವರದೂ ಒಂದು ಪರೀಕ್ಷೆ ಮಾಡಿಸಿ ಅನ್ನುತ್ತಿದ್ದೇನೆ.

ಸ್ಟಿರಾಯ್ಡ್ ಈಗಲೂ ಅವಸರವಲ್ಲ. ಕಾರ್ಟಿಸಾಲ್ ಚೆನ್ನಾಗಿದೆ. ಕೂದಲು, ಮೊಡವೆಗೆ ಪಿಸಿಓಡಿಗೆ ಕೊಡುವ ಮಾತ್ರೆಗಳೇ ಇಲ್ಲೂ ನಡೆಯುತ್ತವೆ. ಮಗು ಬೇಕೆಂದಾಗ ಅಂಡ ಬಿಡುಗಡೆ ಆಗದಿದ್ದರೆ ಅಥವಾ ಗರ್ಭ ನಿಲ್ಲದಿದ್ದರೆ ಸಣ್ಣ ಪ್ರಮಾಣದ ಹೈಡ್ರೋಕಾರ್ಟಿಸೋನ್ ಯೋಚಿಸುತ್ತೇವೆ. ಡೆಕ್ಸಾಮೆಥಸೋನ್ ಮಾತ್ರ ಬೇಡ, ಅದು ಹೊಟ್ಟೆಯೊಳಗಿನ ಮಗುವಿಗೂ ದಾಟುತ್ತದೆ.

ಸಹನಾ, ಹಾಸನ

ರಿಪೋರ್ಟ್ ಕೆಳಗೆ ಎಲೈಸಾ ಅಂತ ಇದೆ. ಅಮ್ಮ ರಕ್ತ ಕೊಡಲು ಒಪ್ಪಿದ್ದಾರೆ. ಮಾವನ ಮನೆಯಲ್ಲಿ ಈ ಮಾತು ಹೇಗೆ ಎತ್ತುವುದೋ ಇನ್ನೂ ತಿಳಿಯುತ್ತಿಲ್ಲ.

ಲತಾ, ದಾವಣಗೆರೆ

ರಿಪೋರ್ಟ್ ಹುಡುಕಿ ನೋಡಿದೆ. ಡೆಸಿಲೀಟರೇ ಇದೆ ಡಾಕ್ಟರೇ.