ವೆಬ್ ಡೆಸ್ಕ್‌ನವರನ್ನು ಕೇಳಿ: ಪತ್ರಿಕಾ ಪ್ರಕಟಣೆಯ ಶೀರ್ಷಿಕೆ ಮತ್ತು ಸಾರಾಂಶ

ನಾಗರಾಜ್, ತಿಪಟೂರು: ಮೇಡಂ, ನಮ್ಮ ರೈತ ಉತ್ಪಾದಕರ ಕಂಪನಿ ಕೊಬ್ಬರಿ ಎಣ್ಣೆ ಘಟಕ ತೆರೀತಿದೆ. ಯಂತ್ರ ಬಂದಾಗ ಕಳಿಸಿದ ಪ್ರಕಟಣೆ ಒಂದು ಸೈಟಲ್ಲೂ ಬರಲಿಲ್ಲ. ಉದ್ಘಾಟನೆಗೆ ಬರೆದ ಕರಡು ಇದು. ಶೀರ್ಷಿಕೆ: "ರೈತರ ಬಾಳಿಗೆ ಹೊಸ ಬೆಳಕು: ಕಲ್ಪತರು ನಾಡಿನಲ್ಲಿ ಅದ್ಧೂರಿ ಸಮಾರಂಭ". ಸಾರಾಂಶ: "ಮಾನ್ಯ ಶಾಸಕರು, ಗಣ್ಯರು ಹಾಗೂ ಸಮಸ್ತ ರೈತ ಬಾಂಧವರ ಸಮ್ಮುಖದಲ್ಲಿ ದಿನಕ್ಕೆ 2 ಟನ್ ಸಾಮರ್ಥ್ಯದ ಅತ್ಯಾಧುನಿಕ ಘಟಕವು ನಾಳೆ ಲೋಕಾರ್ಪಣೆಗೊಳ್ಳಲಿದೆ." ಎಲ್ಲಿ ತಪ್ಪಿದೆ?

ಸುಮಾ (ವೆಬ್ ಡೆಸ್ಕ್): ಶೀರ್ಷಿಕೆಯಲ್ಲಿ ತಿಪಟೂರು ಇಲ್ಲ, ಕೊಬ್ಬರಿ ಇಲ್ಲ, ಎಣ್ಣೆಯೂ ಇಲ್ಲ. ಹುಡುಕುವವರು ಟೈಪ್ ಮಾಡೋದು ಆ ಮೂರು ಪದಗಳನ್ನೇ; "ಹೊಸ ಬೆಳಕು" ಅಂತ ಯಾರೂ ಹುಡುಕಲ್ಲ. "ಕಲ್ಪತರು ನಾಡು" ಇಡೀ ತುಮಕೂರು ಜಿಲ್ಲೆಗೂ ಸಲ್ಲುತ್ತೆ, ಹಾಗಾಗಿ ಊರಿನ ಹೆಸರನ್ನೇ ಬರೀರಿ. ಮೊಬೈಲಿನ ಹುಡುಕಾಟದಲ್ಲಿ ಶೀರ್ಷಿಕೆಯನ್ನು ಕತ್ತರಿಸೋದು ಪರದೆಯ ಅಗಲ ನೋಡಿ. ಕನ್ನಡ ಅಕ್ಷರ ಇಂಗ್ಲಿಷಿಗಿಂತ ಜಾಗ ಹೆಚ್ಚು ತಿನ್ನುತ್ತೆ. ಆದ್ದರಿಂದ ಊರು ಮತ್ತು ವಸ್ತು ಮೊದಲ ನಾಲ್ಕು ಪದದೊಳಗೆ ಬಂದುಬಿಡಬೇಕು. ಉಳಿದದ್ದು ಕತ್ತರಿಸಿಹೋದರೂ ಸುದ್ದಿ ಉಳಿಯುತ್ತೆ.

ಸಾರಾಂಶದಲ್ಲಿ "ನಾಳೆ" ಬೇಡ. ನೀವು ಬುಧವಾರ ಕಳಿಸಿದ್ದು ಡೆಸ್ಕಿನಲ್ಲಿ ಶುಕ್ರವಾರ ಏರಿದರೆ ಸುದ್ದಿಯೇ ಸುಳ್ಳಾಗುತ್ತೆ. ತಾರೀಕು, ವಾರ ಎರಡನ್ನೂ ಬರೀರಿ.

ನನಗೆ ಇದೆಲ್ಲಕ್ಕಿಂತ ಭಯ ಆಗ್ತಿರೋದು ಆ "2 ಟನ್". ಅದು ಒಳಗೆ ಹೋಗುವ ಕೊಬ್ಬರಿಯೋ, ಹೊರಗೆ ಬರುವ ಎಣ್ಣೆಯೋ? ಕೊಬ್ಬರಿಯಲ್ಲಿ ಎಣ್ಣೆಯ ಪಾಲು ಸುಮಾರು ಮೂರರಲ್ಲಿ ಎರಡು ಭಾಗ, ಆದ್ದರಿಂದ ಎರಡೂ ಒಂದೇ ಲೆಕ್ಕ ಅಲ್ಲ. ಡೆಸ್ಕಿನಲ್ಲಿ ಯಾರೂ ಫೋನ್ ಮಾಡಿ ಕೇಳಲ್ಲ. ಸಾರಾಂಶವನ್ನು ಹಾಗೇ ಎತ್ತಿ ಹಾಕ್ತಾರೆ, ಒಬ್ಬರು "2 ಟನ್ ಎಣ್ಣೆ" ಅಂತ ತಿದ್ದಿ ಶೀರ್ಷಿಕೆ ಮಾಡ್ತಾರೆ, ಮಿಕ್ಕವರು ಅದನ್ನು ನೋಡಿ ಬರೀತಾರೆ. ಆಮೇಲೆ ನೀವು ತಿದ್ದುಪಡಿ ಕಳಿಸಿದರೆ ಒಂದೆರಡು ಸೈಟು ಬದಲಾಯಿಸಬಹುದು, ಉಳಿದ ಕಡೆ ತಪ್ಪು ಸಂಖ್ಯೆಯೇ ಹುಡುಕಾಟದಲ್ಲಿ ನಿಂತಿರುತ್ತೆ. ಪ್ರತಿ ಅಂಕಿಯ ಪಕ್ಕದಲ್ಲೇ ಅದು ಯಾವುದರ ಅಂಕಿ ಅನ್ನೋದು ಇರಲಿ.

ಬಸವರಾಜ: ಶೀರ್ಷಿಕೆ ಎಷ್ಟು ಅಕ್ಷರ ಇರಬೇಕು ಮೇಡಂ?

ಸುಮಾ: ಎಂಟೊಂಬತ್ತು ಪದ. ಅಕ್ಷರ ಎಣಿಸಬೇಡಿ. ಮೇಲೆ ಬರೆದಿದ್ದೀನಿ.

ಮಂಜು: *ಫಾರ್ವರ್ಡ್ ಮಾಡಲಾಗಿದೆ:* ಗೂಗಲ್‌ನಲ್ಲಿ ಮೊದಲು ಬರಲು ಶೀರ್ಷಿಕೆಯಲ್ಲಿ ಮುಖ್ಯ ಪದ 3 ಬಾರಿ ಬರಲಿ! ಪ್ರಕಟಣೆಯಲ್ಲಿ ನಿಮ್ಮ ಸೈಟಿಗೆ 10 ಲಿಂಕ್ ಹಾಕಿ! 200 ಸೈಟುಗಳಲ್ಲಿ ಹಾಕಿಸಲು ಸಂಪರ್ಕಿಸಿ!

ಸುಮಾ: ಇದನ್ನು ಯಾರೂ ಮಾಡಬೇಡಿ. "ಕೊಬ್ಬರಿ ಎಣ್ಣೆ" ಮೂರು ಸಲ ಬಂದ ಶೀರ್ಷಿಕೆಯನ್ನು ಉಪಸಂಪಾದಕರು ಓದೋ ಮೊದಲೇ ಅಳಿಸ್ತಾರೆ. ಪ್ರಕಟಣೆಯಲ್ಲಿ ಮುಖ್ಯಪದಕ್ಕೇ ಲಿಂಕ್ ಹೊಲಿದು ಬೇರೆ ಸೈಟುಗಳಿಗೆ ಹಂಚೋದು ಗೂಗಲ್‌ನ ಸ್ಪ್ಯಾಮ್ ನಿಯಮದಲ್ಲೇ ಉದಾಹರಣೆಯಾಗಿ ಇದೆ. ದುಡ್ಡು ಕೊಟ್ಟು ಹಾಕಿಸಿದ ಲಿಂಕಿಗೆ `rel="sponsored"` ಅಥವಾ `rel="nofollow"` ಇರಲೇಬೇಕು. ಕೊನೆಯಲ್ಲಿ ಕಂಪನಿಯ ಹೆಸರಿಗೆ ಒಂದೇ ಲಿಂಕ್ ಸಾಕು.

ಕಿರಣ್: ಸಾರಾಂಶವನ್ನು ಮೆಟಾ ಡಿಸ್ಕ್ರಿಪ್ಶನ್‌ಗೆ ಹಾಕಿ, ಗೂಗಲ್ ಅದನ್ನೇ ತೋರಿಸುತ್ತೆ. ಜೊತೆಗೆ ಮೆಟಾ ಕೀವರ್ಡ್ಸ್‌ನಲ್ಲಿ ಇಪ್ಪತ್ತು ಪದ ಕೊಡಿ. ನಾನು ಎಲ್ಲ ಗ್ರಾಹಕರಿಗೂ ಹಾಗೇ ಮಾಡೋದು.

ಸುಮಾ: ಮೊದಲನೆಯದು ಅರ್ಧ ಸರಿ. ಎಷ್ಟೋ ಸಲ ಗೂಗಲ್ ಅದನ್ನು ಬಿಟ್ಟು ಪುಟದೊಳಗಿನ ಸಾಲನ್ನೇ ಎತ್ತಿಕೊಳ್ಳುತ್ತೆ. ಅದಕ್ಕೇ ಆ ಸಾರಾಂಶ ಪುಟದ ಮೊದಲ ಪ್ಯಾರಾ ಕೂಡ ಆಗಿರಬೇಕು. ಕೀವರ್ಡ್ಸ್ ಟ್ಯಾಗ್ ತಾನು ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಕಿರಣ್: ಗೂಗಲ್ ಒಂದೇ ಅಲ್ಲವಲ್ಲ ಹುಡುಕಾಟದ ತಾಣ.

ರೇವತಿ, ಹಾಸನ: ನಾವು ನುಡಿಯಲ್ಲಿ ಟೈಪ್ ಮಾಡಿ ಕಳಿಸ್ತೀವಿ. ಪತ್ರಿಕೆಯಲ್ಲಿ ಬರುತ್ತೆ, ಸೈಟಲ್ಲಿ ಬರಲ್ಲ. ಯಾಕೆ?

ಸುಮಾ: ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ನಿಮ್ಮ ಪರದೆಯಲ್ಲಿ "ಕನ್ನಡ" ಅಂತ ಕಾಣೋದನ್ನು ನಾವು ವೆಬ್ ಪೆಟ್ಟಿಗೆಗೆ ಅಂಟಿಸಿದರೆ ಹೀಗೆ ಬೀಳುತ್ತೆ:

```
PÀ£ÀßqÀ
```

ಇದು ಹುಡುಕಾಟಕ್ಕೂ ಕನ್ನಡ ಅಲ್ಲ. ಪರಿವರ್ತಕ ಇದೆ ನಿಜ, ಆದರೆ ನಡುವೆ ಇರುವ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸವನ್ನೂ ಅದು ಕನ್ನಡ ಅಕ್ಷರವಾಗಿಸಿ ಕಲಸುಮೇಲೋಗರ ಮಾಡುತ್ತೆ. ಪುಟ ವಿನ್ಯಾಸದವರು ಆಸ್ಕಿಯನ್ನೇ ಕೇಳಿದರೆ ಅವರಿಗೆ ಆ ಫೈಲ್ ಬೇರೆ ಕಳಿಸಿ. ನಮಗೆ ಯೂನಿಕೋಡ್, ಅದೂ ಇಮೇಲ್ ಒಡಲಲ್ಲೇ. ಕಳಿಸೋ ಮೊದಲು ಶೀರ್ಷಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಅಲ್ಲಿ ಓದೋಕೆ ಬಂದರೆ ನಮಗೂ ಬರುತ್ತೆ.

ಶಿವಣ್ಣ: ಒಂದು ಮಾತು. ತಿಪಟೂರಿನದು ತಿನ್ನೋ ಉಂಡೆ ಕೊಬ್ಬರಿ. ಅದನ್ನು ಯಾರಾದರೂ ಎಣ್ಣೆಗೆ ಹಾಕ್ತಾರಾ? ಲೆಕ್ಕ ಗಿಟ್ಟಲ್ಲ.

ನಾಗರಾಜ್: ಅಣ್ಣ, ಉಂಡೆ ಹಾಕಲ್ಲ. ವಿಂಗಡಿಸುವಾಗ ಒಡೆದದ್ದು, ಬಣ್ಣಗೆಟ್ಟದ್ದು ಉಳಿಯುತ್ತಲ್ಲ, ಅದು. ಈಗ ವ್ಯಾಪಾರಿಗಳು ಕೇಳಿದ ಬೆಲೆಗೆ ಕೊಡ್ತಿದ್ದೀವಿ.

ಶಿವಣ್ಣ: ಬಣ್ಣಗೆಟ್ಟದ್ದರ ಎಣ್ಣೆ ವಾಸನೆ ಬರುತ್ತೆ. ತಿನ್ನೋರಿಗೆ ಮಾರ್ತೀರೋ, ಸೋಪಿಗೋ?

ಬಸವರಾಜ: ಶಿವಣ್ಣ, ಇದು ಶೀರ್ಷಿಕೆ ವಿಷಯ, ಎಣ್ಣೆ ವಿಷಯ ಅಲ್ಲ.

ಶಿವಣ್ಣ: ನೀನು ಅಕ್ಷರ ಎಣಿಸ್ಕೊಂಡಿರಪ್ಪ.

ಸುಮಾ: ಜಗಳ ಬಿಡಿ, ಶಿವಣ್ಣನವರು ಕೇಳಿದ್ದೇ ಸುದ್ದಿ. ಆ ಭಾಗದ ವರದಿಗಾರರೂ ಮೊದಲು ಅದನ್ನೇ ಕೇಳ್ತಾರೆ. ನಾಗರಾಜ್, ಒಡೆದ ಕೊಬ್ಬರಿ ಕೊಳ್ಳೋದು ಯಾವತ್ತಿನಿಂದ, ಯಾರಿಂದ? 2 ಟನ್ ಯಾವುದು?

ನಾಗರಾಜ್: ಉದ್ಘಾಟನೆ ದಿನದಿಂದಲೇ, ನವೆಂಬರ್ 14, ಶುಕ್ರವಾರ. 612 ಜನ ಷೇರುದಾರರಿಂದ ಮಾತ್ರ. ಅರೆಯೋ ಕೊಬ್ಬರಿ 2 ಟನ್.

ಸುಮಾ: ಹಾಗಾದರೆ ಹೀಗೆ:

ತಿಪಟೂರಲ್ಲಿ ರೈತರ ಕೊಬ್ಬರಿ ಎಣ್ಣೆ ಘಟಕ: ಒಡೆದ ಕೊಬ್ಬರಿ ಖರೀದಿ ನ.14ರಿಂದ

ಸಾರಾಂಶ: "ವಿಂಗಡಣೆಯಲ್ಲಿ ಉಳಿಯುವ ಒಡೆದ ಕೊಬ್ಬರಿಯಿಂದ ಎಣ್ಣೆ ತೆಗೆಯುವ ಘಟಕವನ್ನು ತಿಪಟೂರಿನ ರೈತ ಉತ್ಪಾದಕರ ಕಂಪನಿ ನವೆಂಬರ್ 14ರ ಶುಕ್ರವಾರ ಆರಂಭಿಸಲಿದೆ. ದಿನಕ್ಕೆ 2 ಟನ್ ಕೊಬ್ಬರಿ ಅರೆಯುವ ಈ ಘಟಕಕ್ಕೆ ಕಂಪನಿಯ 612 ಷೇರುದಾರರಿಂದ ಮಾತ್ರ ಖರೀದಿ ನಡೆಯಲಿದೆ."

ಕಂಪನಿಯ ಪೂರ್ತಿ ಹೆಸರು ಮೊದಲ ವಾಕ್ಯದಲ್ಲಿ ಸೇರಿಸಿ, ಕನ್ನಡದಲ್ಲಿ ಒಂದೇ ಕಾಗುಣಿತ ಕೊನೆವರೆಗೂ ಇರಲಿ. "ಮಾತ್ರ" ಬಿಟ್ಟರೆ ಹೊರಗಿನ ರೈತರು ಮೂಟೆ ಹೊತ್ತು ಬರ್ತಾರೆ. ಇಮೇಲಿನ ವಿಷಯದ ಸಾಲಿಗೆ "ಪತ್ರಿಕಾ ಪ್ರಕಟಣೆ" ಅಂತಷ್ಟೇ ಹಾಕದೆ ಈ ಶೀರ್ಷಿಕೆಯನ್ನೇ ಹಾಕಿ. ಇದನ್ನೇ ನಿಮ್ಮ ಸೈಟಿನಲ್ಲಿ ಮೊದಲು ಪುಟವಾಗಿ ಏರಿಸಿ, ಆಮೇಲೆ ನಮಗೆ ಕಳಿಸಿ. ಲೆಟರ್‌ಹೆಡ್ ಫೋಟೋ ತೆಗೆದು ಕಳಿಸಿದರೆ ನಾವು ಒಂದೊಂದೇ ಪದ ಕುಟ್ಟಬೇಕು. ಆ ಹೊತ್ತಿಗೆ ಇನ್ನೊಂದು ಸುದ್ದಿ ಬಂದಿರುತ್ತೆ.

ಗೀತಾ: ತಂದೆಯವರ ಪುಣ್ಯತಿಥಿ ಪ್ರಕಟಣೆಗೆ ಎಷ್ಟು ದರ?

ಸುಮಾ: ಅದು ಜಾಹೀರಾತು ವಿಭಾಗ.

ರೇವತಿ: ಕನ್ನಡ, ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿ ಹಾಕಬಹುದಾ ಮೇಡಂ?

ಹರೀಶ್: ಶೀರ್ಷಿಕೆ ಎಷ್ಟು ಅಕ್ಷರ ಇರಬೇಕು?

ಸುಮಾ: ಮೇಲೆ ಓದಿ.

ಮಂಜು: *ಫಾರ್ವರ್ಡ್ ಮಾಡಲಾಗಿದೆ:* ಶೀರ್ಷಿಕೆಯ ಕೊನೆಗೆ 5 ಹ್ಯಾಶ್‌ಟ್ಯಾಗ್...

ಸುಮಾ: ಮಂಜು, ಸಾಕು. ನಾವು ಅದನ್ನು ಒಂದೊಂದಾಗಿ ಅಳಿಸಬೇಕಾಗುತ್ತೆ, ಅಷ್ಟೇ.

ನಾಗರಾಜ್: ಮೇಡಂ, ಅಧ್ಯಕ್ಷರಿಗೆ ತೋರಿಸಿದೆ. ಶೀರ್ಷಿಕೆಯಲ್ಲಿ ಶಾಸಕರ ಹೆಸರು ಇಲ್ಲದಿದ್ದರೆ ಆಗಲ್ಲ ಅಂತಾರೆ.

ಸುಮಾ: ಮೂರನೇ ಪ್ಯಾರಾದಲ್ಲಿ ಹಾಕಿ. ಶೀರ್ಷಿಕೆಗೆ ಹಾಕಿದರೆ ಡೆಸ್ಕ್ ಅದನ್ನೇ ಮೊದಲು ತೆಗೆಯುತ್ತೆ, ಜೊತೆಗೆ ತಾರೀಕೂ ಹೋಗಬಹುದು.

ನಾಗರಾಜ್: ಆಹ್ವಾನ ಪತ್ರಿಕೆ ಆಗಲೇ ಅಚ್ಚಿಗೆ ಹೋಗಿದೆ. ಅದರ ಫೋಟೋನೇ ಕಳಿಸೋಣ ಅಂತಿದ್ದಾರೆ.