ಸಹಾಯ ಬೇಕು: ಗಿಯಾನ್-ಬರೇ ಸಿಂಡ್ರೋಮ್ ಕನ್ನಡದಲ್ಲಿ ಹೇಗೆ ಬರೆಯೋದು?

ಎಲ್ಲರಿಗೂ ನಮಸ್ಕಾರ ರೀ. ಹುಬ್ಬಳ್ಳಿಯಲ್ಲಿ ರೋಗಿಗಳ ಮನೆಯವರಿಗಾಗಿ ಗಿಯಾನ್-ಬರೇ ಸಿಂಡ್ರೋಮ್ ಎಂಬ ನರಗಳ ಕಾಯಿಲೆ, ಅಂದರೆ ಜಿಬಿಎಸ್ ಬಗ್ಗೆ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆಸರಿನಲ್ಲೇ ಸಿಕ್ಕಿಬಿದ್ದಿದ್ದೇನೆ.

1916ರಲ್ಲಿ ಗಿಯಾನ್, ಬರೇ, ಸ್ಟ್ರೋಲ್ ಎಂಬ ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಕಂಡ ಈ ಕಾಯಿಲೆಯನ್ನು ವಿವರಿಸಿದರು. ಹೆಸರಿನಲ್ಲಿ ಉಳಿದವರು ಮೊದಲಿಬ್ಬರೇ. ಇಂಗ್ಲಿಷ್ ಅಕ್ಷರ ನೋಡಿ ಬರೆದರೆ 'ಗುಯಿಲೇನ್-ಬ್ಯಾರೆ' ಆಗುತ್ತದೆ, ಸಾಮಾನ್ಯವಾಗಿ ವೈದ್ಯರ ಬಾಯಲ್ಲಿ ಕೇಳುವ ಉಚ್ಚಾರಕ್ಕೆ 'ಗಿಯಾನ್-ಬರೇ' ಹತ್ತಿರ. ಆದರೆ ಮನೆಯವರು ಆಸ್ಪತ್ರೆ ಚೀಟಿಯಲ್ಲಿ ನೋಡುವುದು ಜಿಬಿಎಸ್ ಅಂತ.

ಅರ್ಥ ನೋಡಿ ಹೆಸರಿಡೋಣವೆಂದರೆ ಅದೂ ಸರಿಹೊಂದುತ್ತಿಲ್ಲ. 'ಏರುವ ಪಾರ್ಶ್ವವಾಯು' ಎಂದರೆ ನಮ್ಮ ಕಡೆ ಜನ ಲಕ್ವಾ ಎಂದೇ ತಿಳಿಯುತ್ತಾರೆ. ಲಕ್ವಾ ಮಿದುಳಿನ ತೊಂದರೆ, ಸಾಮಾನ್ಯವಾಗಿ ದೇಹದ ಒಂದೇ ಬದಿಗೆ ಹೊಡೆಯುತ್ತದೆ. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ಬೀಳುತ್ತದೆ, ಹೆಚ್ಚಾಗಿ ಎರಡೂ ಕಾಲುಗಳಿಂದ ಶಕ್ತಿಗುಂದುತ್ತಾ ಮೇಲೇರುತ್ತದೆ. 'ಏರುವ' ಅನ್ನುವುದೂ ಎಲ್ಲರಿಗೂ ಹೊಂದದು. ಮಿಲ್ಲರ್ ಫಿಶರ್ ಎಂಬ ಬಗೆಯಲ್ಲಿ ಮೊದಲು ಕಣ್ಣಿನ ಚಲನೆಗೆ ತೊಂದರೆಯಾಗುತ್ತದೆ.

ಸದ್ಯ ಹೀಗೆ ಬರೆದಿದ್ದೇನೆ: 'ಗಿಯಾನ್-ಬರೇ ಸಿಂಡ್ರೋಮ್, ಅಂದರೆ ಜಿಬಿಎಸ್: ದೇಹದ ರಕ್ಷಣಾ ವ್ಯವಸ್ಥೆಯೇ ನರಗಳಿಗೆ ಪೆಟ್ಟು ಕೊಡುವ ಕಾಯಿಲೆ.' ಮುಂದೆ ಪುಟದುದ್ದಕ್ಕೂ ಜಿಬಿಎಸ್ ಮಾತ್ರ.

ನರರೋಗ ವಿಭಾಗದಲ್ಲಿ ಕೆಲಸ ಮಾಡುವವರು, ವೈದ್ಯಕೀಯ ಅನುವಾದ ಮಾಡುವವರು ದಯವಿಟ್ಟು ಹೇಳಿ: ಈ ವಿವರಣೆ ಸಾಕಾ? 'ಸಿಂಡ್ರೋಮ್' ಹಾಗೇ ಇಡಲೋ, 'ಲಕ್ಷಣಕೂಟ' ಅನ್ನಲೋ?